ಬೇರುಗಂಟಿನ ಬ್ಯಾಕ್ಟೀರಿಯಾಕ್ಕೆ ಗ್ರಾಮ್ ಬಣ್ಣ: ಒಂದೇ ಸ್ಲೈಡಿನಲ್ಲಿ ನೇರಳೆಯೂ ಗುಲಾಬಿಯೂ ಕಂಡರೆ

ರಾಗಿ ಹೊಲದ ಅಕ್ಕಡಿ ಸಾಲಿನಿಂದ ಅಲಸಂದೆ ಗಿಡವನ್ನು ಮಣ್ಣುಸಮೇತ ಅಗೆದು, ಬೇರುಗಂಟುಗಳಿಂದ ರೈಜೋಬಿಯಂ ಬೇರ್ಪಡಿಸುವುದು ಮೈಸೂರು, ಮಂಡ್ಯ ಕಡೆಯ ಸೂಕ್ಷ್ಮಜೀವಿಶಾಸ್ತ್ರದ ವಿದ್ಯಾರ್ಥಿಗಳಿಗೆ ಒಳ್ಳೆಯ ಪ್ರಾಜೆಕ್ಟ್. ಗಿಡ ಸುಲಭವಾಗಿ ಸಿಗುತ್ತದೆ, ಗಂಟು ಕಣ್ಣಿಗೇ ಕಾಣುತ್ತದೆ, ಒಡೆದರೆ ಒಳಗೆ ಕೆಂಪು ಛಾಯೆ ಇದ್ದರೆ ಅದು ಕೆಲಸ ಮಾಡುತ್ತಿರುವ ಗಂಟು. ಗಂಟಿನ ಹೊರಮೈಯನ್ನು ಆಲ್ಕೊಹಾಲ್‌ನಲ್ಲೂ ಆಮೇಲೆ ಸೋಡಿಯಂ ಹೈಪೋಕ್ಲೋರೈಟ್‌ನಲ್ಲೂ ಅದ್ದಿ, ಸ್ಟೆರೈಲ್ ನೀರಿನಲ್ಲಿ ಐದಾರು ಸಲ ತೊಳೆದು, ಜಜ್ಜಿ, ಆ ರಸವನ್ನು ಕಾಂಗೋ ರೆಡ್ ಹಾಕಿದ ಯೀಸ್ಟ್ ಎಕ್ಸ್‌ಟ್ರಾಕ್ಟ್ ಮ್ಯಾನಿಟಾಲ್ ಅಗಾರ್ ಮೇಲೆ ಗೀರುತ್ತೀರಿ. 28 ಡಿಗ್ರಿಯಲ್ಲಿಟ್ಟರೆ ಕೆಲವು ದಿನಗಳಲ್ಲಿ ಬಿಳಿಯ, ಉಬ್ಬಿದ, ಲೋಳೆಲೋಳೆಯಾದ ಕಾಲನಿಗಳು ಬರುತ್ತವೆ. ಇಲ್ಲಿಯವರೆಗೆ ಎಲ್ಲರದೂ ಸರಿಯಾಗಿಯೇ ಇರುತ್ತದೆ.

ತೊಡಕು ಶುರುವಾಗುವುದು ಗ್ರಾಮ್ ಬಣ್ಣ ಹಾಕಿದಾಗ. ರೈಜೋಬಿಯಂ ಗ್ರಾಮ್ ನೆಗೆಟಿವ್, ಅಂದರೆ ಸ್ಲೈಡಿನಲ್ಲಿ ಗುಲಾಬಿ ಬಣ್ಣದ ಕಡ್ಡಿಗಳು ಮಾತ್ರ ಕಾಣಬೇಕು. ಕಾಣುವುದು ಒಂದಷ್ಟು ಗುಲಾಬಿ, ಒಂದಷ್ಟು ನೇರಳೆ. ಕಾಲನಿಯಲ್ಲಿ ಬೇರೆ ಬ್ಯಾಕ್ಟೀರಿಯಾ ಸೇರಿಕೊಂಡಿದೆಯೋ, ಬಣ್ಣ ಹಾಕಿದ ಕೈ ತಪ್ಪಿತೋ, ಕಲ್ಚರ್ ಹಳತಾಯಿತೋ? ಮೂರಕ್ಕೂ ಸ್ಲೈಡ್ ಮೇಲ್ನೋಟಕ್ಕೆ ಒಂದೇ ಥರ ಕಾಣುತ್ತದೆ. ಈ ಮೂರನ್ನು ಬೇರೆ ಬೇರೆ ಮಾಡಿ ನೋಡುವುದು ಹೇಗೆಂಬುದೇ ಈ ಲೇಖನದ ವಿಷಯ.

ಬಾಟಲಿಗಳು ಮೊದಲು

ಬೇಕಾದ ದ್ರಾವಣಗಳು ನಾಲ್ಕು. ಸಿದ್ಧವಾಗಿ ಸಿಗುವ ಕಿಟ್ ಇದ್ದರೆ ಅದನ್ನೇ ಬಳಸಿ. ಲ್ಯಾಬಿನಲ್ಲೇ ಮಾಡಿಕೊಳ್ಳುವುದಾದರೆ ಹಕರ್ ಮಾರ್ಪಡಿಸಿದ ವಿಧಾನದ ಅಳತೆಗಳು ಹೀಗಿವೆ.

ಕ್ರಿಸ್ಟಲ್ ವಯಲೆಟ್‌ಗೆ 2 ಗ್ರಾಂ ಪುಡಿಯನ್ನು 95% ಎಥನಾಲ್‌ನ 20 ಮಿ.ಲೀ.ನಲ್ಲಿ ಕರಗಿಸಿ. ಬೇರೊಂದು ಪಾತ್ರೆಯಲ್ಲಿ 0.8 ಗ್ರಾಂ ಅಮೋನಿಯಂ ಆಕ್ಸಲೇಟನ್ನು 80 ಮಿ.ಲೀ. ಡಿಸ್ಟಿಲ್ಡ್ ನೀರಿನಲ್ಲಿ ಕರಗಿಸಿ, ಎರಡನ್ನೂ ಬೆರೆಸಿ ಒಂದು ದಿನ ಬಿಟ್ಟು ಫಿಲ್ಟರ್ ಪೇಪರಿನಲ್ಲಿ ಸೋಸಿ. ಸೋಸದಿದ್ದರೆ ಬಣ್ಣದ ಹರಳುಗಳು ಸ್ಲೈಡಿನ ಮೇಲೆ ಕೂತು, ಹೊಸಬರ ಕಣ್ಣಿಗೆ ನೇರಳೆ ಬಣ್ಣದ ಗುಂಡು ಬ್ಯಾಕ್ಟೀರಿಯಾದಂತೆ ಕಾಣುತ್ತವೆ. ಬೇಸಿಗೆಯಲ್ಲಿ ಮುಚ್ಚಳ ಸಡಿಲ ಬಿಟ್ಟ ಬಾಟಲಿಯಲ್ಲಿ ಈ ಕಾಟ ಹೆಚ್ಚು, ಏಕೆಂದರೆ ಆಲ್ಕೊಹಾಲ್ ಆವಿಯಾಗಿ ಬಣ್ಣ ತಳಕ್ಕಿಳಿಯುತ್ತದೆ. ಬಳಸುವ ಮುನ್ನ ಮತ್ತೊಮ್ಮೆ ಸೋಸಿದರೆ ನಷ್ಟವೇನಿಲ್ಲ.

ಅಯೋಡಿನ್‌ಗೆ 1 ಗ್ರಾಂ ಅಯೋಡಿನ್ ಮತ್ತು 2 ಗ್ರಾಂ ಪೊಟ್ಯಾಸಿಯಂ ಅಯೊಡೈಡನ್ನು ಖಲ್ಲಿನಲ್ಲಿ ಅರೆಯುತ್ತ, ಸ್ವಲ್ಪಸ್ವಲ್ಪವೇ ನೀರು ಸೇರಿಸಿ, ಕೊನೆಗೆ 300 ಮಿ.ಲೀ.ಗೆ ತನ್ನಿ. ಕಂದು ಬಣ್ಣದ ಬಾಟಲಿಯಲ್ಲಿಡಿ. ಇದು ಬೆಳಕಿಗೂ ಗಾಳಿಗೂ ಕೆಡುವ ದ್ರಾವಣ. ಕಡು ಚಹಾ ಬಣ್ಣ ಹೋಗಿ ತೆಳು ಹಳದಿಗೆ ಬಂದಿದ್ದರೆ ಚೆಲ್ಲಿ ಹೊಸದು ಮಾಡಿ. ಶಕ್ತಿ ಹೋದ ಅಯೋಡಿನ್‌ನಿಂದ ನೇರಳೆ ಆಗಬೇಕಾದ್ದು ಗುಲಾಬಿಯಾಗುತ್ತದೆ, ತಪ್ಪನ್ನು ಪಾಪ ಆಲ್ಕೊಹಾಲ್ ಮೇಲೆ ಹಾಕುತ್ತಾರೆ.

ಬಣ್ಣ ತೆಗೆಯಲು 95% ಎಥನಾಲ್ ಸಾಕು. ಅಸಿಟೋನ್ ಬೆರೆಸಿದ ದ್ರಾವಣ ಬೇಗ ಕೆಲಸ ಮಾಡುತ್ತದೆ, ಆದರೆ ಕೈ ಪಳಗದವರಿಗೆ ಆ ವೇಗವೇ ಮುಳುವು. ಕೊನೆಯ ಸಫ್ರಾನಿನ್‌ಗೆ 2.5 ಗ್ರಾಂ ಪುಡಿಯನ್ನು 100 ಮಿ.ಲೀ. ಎಥನಾಲ್‌ನಲ್ಲಿ ಕರಗಿಸಿ ಮೂಲ ದ್ರಾವಣ ಮಾಡಿಕೊಂಡು, ಬೇಕಾದಾಗ ಅದರ 10 ಮಿ.ಲೀ.ಗೆ 90 ಮಿ.ಲೀ. ನೀರು ಸೇರಿಸಿ.

ಸ್ಮಿಯರ್: ಒಂದು ಸ್ಲೈಡ್, ಎರಡು ಲೇಪ

ಅಪರಿಚಿತ ಕಾಲನಿಯನ್ನು ಒಂಟಿಯಾಗಿ ಬಣ್ಣಕ್ಕೆ ಹಾಕಬೇಡಿ. ಅದೇ ಸ್ಲೈಡಿನ ಇನ್ನೊಂದು ತುದಿಯಲ್ಲಿ, ಉತ್ತರ ಮೊದಲೇ ಗೊತ್ತಿರುವ ಲೇಪವೊಂದಿರಲಿ. ಅದಕ್ಕೆ ಈಶ್ಚರೀಶಿಯಾ ಕೋಲೈ ಮತ್ತು ಸ್ಟೆಫೈಲೊಕಾಕಸ್ ಎಪಿಡರ್ಮಿಡಿಸ್ ಎರಡನ್ನೂ ಒಂದೇ ಹನಿಯಲ್ಲಿ ಬೆರೆಸುವುದು ಒಳ್ಳೆಯದು. ಮೊದಲನೆಯದು ಕಡ್ಡಿಯಾಕಾರ, ಗುಲಾಬಿಯಾಗಬೇಕು. ಎರಡನೆಯದು ಗುಂಡು, ದ್ರಾಕ್ಷಿ ಗೊಂಚಲಿನಂತೆ ಗುಂಪು, ನೇರಳೆಯಾಗಬೇಕು. ಆಕಾರ ಬೇರೆಯಾದ್ದರಿಂದ ಬಣ್ಣ ತಪ್ಪಿದರೂ ಯಾವುದು ಯಾವುದೆಂದು ಗೊತ್ತಾಗುತ್ತದೆ. ಕಡ್ಡಿಗಳೂ ನೇರಳೆಯಾಗಿದ್ದರೆ ಆಲ್ಕೊಹಾಲ್ ಸಾಲಲಿಲ್ಲ. ಗುಂಡುಗಳೂ ಗುಲಾಬಿಯಾಗಿದ್ದರೆ ಆಲ್ಕೊಹಾಲ್ ಹೆಚ್ಚಾಯಿತು, ಇಲ್ಲವೇ ಅಯೋಡಿನ್ ಸತ್ತಿದೆ. ಎರಡೂ ಸಂದರ್ಭದಲ್ಲಿ ಪಕ್ಕದ ಲೇಪವನ್ನು ನೋಡುವುದೇ ಬೇಡ, ಇನ್ನೊಂದು ಸ್ಲೈಡ್ ತೆಗೆದುಕೊಳ್ಳಿ. ಈ ಎರಡು ಕಲ್ಚರ್‌ಗಳೂ ಹಿಂದಿನ ದಿನ ಹಾಕಿದ, 18ರಿಂದ 24 ಗಂಟೆಯವಾಗಿರಬೇಕು. ಫ್ರಿಜ್ಜಿನಲ್ಲಿ ತಿಂಗಳಿಂದ ಕೂತ ಸ್ಲ್ಯಾಂಟಿನಿಂದ ನೇರವಾಗಿ ತೆಗೆದರೆ ಕಂಟ್ರೋಲೇ ಸುಳ್ಳು ಹೇಳುತ್ತದೆ.

ಸ್ಲೈಡನ್ನು ಆಲ್ಕೊಹಾಲ್‌ನಿಂದ ಒರೆಸಿ, ಎಣ್ಣೆ ಜಿಡ್ಡು ಇಲ್ಲದಂತೆ ಮಾಡಿ. ನೀರಿನ ಹನಿ ಹರಡಿಕೊಳ್ಳದೆ ಮಣಿಯಂತೆ ನಿಂತರೆ ಜಿಡ್ಡು ಹೋಗಿಲ್ಲ ಎಂದು ತಿಳಿಯಿರಿ. ಲೂಪಿನ ತುದಿಯಷ್ಟು ಡಿಸ್ಟಿಲ್ಡ್ ನೀರು ಇಟ್ಟು, ಸೂಜಿಯ ಮೊನೆಯಲ್ಲಿ ಬರುವಷ್ಟೇ ಕಾಲನಿಯನ್ನು ಅದರಲ್ಲಿ ಕದಡಿ, ಹತ್ತು ಪೈಸೆ ನಾಣ್ಯದಷ್ಟು ಅಗಲಕ್ಕೆ ಹರಡಿ. ನಲ್ಲಿಯ ಅಥವಾ ಬೋರ್‌ವೆಲ್ ನೀರನ್ನು ಈ ಹನಿಗೆ ಬಳಸಬೇಡಿ. ಗಡಸು ನೀರು ಒಣಗಿದ ಮೇಲೆ ಲವಣದ ಕಲೆ ಬಿಡುತ್ತದೆ, ಜೊತೆಗೆ ನೀರಿನಲ್ಲೇ ಇದ್ದ ಬ್ಯಾಕ್ಟೀರಿಯಾ ನಿಮ್ಮ ಕಾಲನಿಯ ಲೆಕ್ಕಕ್ಕೆ ಸೇರಿಬಿಡುತ್ತದೆ. ಒಣಗಿದ ಲೇಪ ಅಚ್ಚಾದ ಅಕ್ಷರದ ಮೇಲಿಟ್ಟರೆ ಅಕ್ಷರ ಓದುವಷ್ಟು ತೆಳುವಾಗಿರಬೇಕು. ದಪ್ಪ ಲೇಪದಲ್ಲಿ ಆಲ್ಕೊಹಾಲ್ ಒಳಗಿನವರೆಗೆ ಇಳಿಯದೆ, ಅಂಚಿನಲ್ಲಿ ಗುಲಾಬಿ, ನಡುವೆ ನೇರಳೆ ಬರುತ್ತದೆ.

ಬೇರುಗಂಟಿನ ಕಾಲನಿಯಲ್ಲಿ ಇನ್ನೊಂದು ಸಮಸ್ಯೆಯಿದೆ, ಅದು ಲೋಳೆ. ರೈಜೋಬಿಯಂ ಮ್ಯಾನಿಟಾಲ್ ತಿಂದು ಧಾರಾಳವಾಗಿ ಅಂಟು ಸುರಿಸುತ್ತದೆ. ಆ ಅಂಟು ಲೇಪಕ್ಕೆ ಬಂದರೆ ಹಿನ್ನೆಲೆಯೆಲ್ಲ ಮಬ್ಬು ಗುಲಾಬಿಯಾಗಿ ಕಡ್ಡಿಗಳು ಅದರಲ್ಲಿ ಹೂತುಹೋಗುತ್ತವೆ, ತೊಳೆಯುವಾಗ ಇಡೀ ಪದರವೇ ಜಾರಿಹೋಗುವುದೂ ಉಂಟು. ಒಂದು ಲೂಪ್ ಕಾಲನಿಯನ್ನು 1 ಮಿ.ಲೀ. ಸ್ಟೆರೈಲ್ ಸಲೈನ್‌ನಲ್ಲಿ ಚೆನ್ನಾಗಿ ಕಲಕಿ, ಸೆಂಟ್ರಿಫ್ಯೂಜ್ ಮಾಡಿ, ಮೇಲಿನ ದ್ರವ ಚೆಲ್ಲಿ, ತಳದಲ್ಲಿ ಕೂತದ್ದನ್ನು ಮತ್ತೆ ಸ್ವಲ್ಪ ಸಲೈನ್‌ನಲ್ಲಿ ಎಬ್ಬಿಸಿ ಲೇಪ ಹಾಕಿದರೆ ಇದು ಬಹುಮಟ್ಟಿಗೆ ಹೋಗುತ್ತದೆ.

ಲೇಪ ತಾನಾಗಿ ಒಣಗಲಿ. ಆಮೇಲೆ ಲೇಪದ ಮೈ ಮೇಲಿರುವಂತೆ ಹಿಡಿದು ಜ್ವಾಲೆಯ ಮೂಲಕ ಮೂರು ಸಲ ಬೇಗನೆ ಹಾಯಿಸಿ. ಸ್ಲೈಡಿನ ಕೆಳಮೈಯನ್ನು ಮುಂಗೈಗೆ ತಾಗಿಸಿದರೆ ಬೆಚ್ಚಗಿರಬೇಕು, ಸುಡಬಾರದು. ಹಸಿ ಲೇಪಕ್ಕೆ ಬೆಂಕಿ ತೋರಿಸಿದರೆ ಜೀವಕೋಶಗಳು ಬೆಂದು ಒಡೆಯುತ್ತವೆ, ಒಡೆದ ಗೋಡೆ ಯಾವ ಬಣ್ಣವನ್ನೂ ಹಿಡಿದಿಡದು. ಬರ್ನರ್ ಇಲ್ಲದ ಕಡೆ ಮೆಥನಾಲ್ ಹಾಕಿ 2 ನಿಮಿಷ ಬಿಟ್ಟು ಒಣಗಿಸಿದರೂ ಆಗುತ್ತದೆ. ಆಕಾರ ಕೆಡದಿರುವ ದೃಷ್ಟಿಯಿಂದ ನೋಡಿದರೆ ಮೆಥನಾಲೇ ಮೇಲು. ಅದರ ಬಾಟಲಿ ಮಾತ್ರ ಉರಿಯುವ ಬರ್ನರ್ ಹತ್ತಿರ ಇರಬಾರದು.

ಬಣ್ಣ ಹಾಕುವುದು

ಸ್ಲೈಡನ್ನು ಟ್ರೇ ಮೇಲಿನ ಕಡ್ಡಿಗಳ ಮೇಲೆ ಸಮವಾಗಿಟ್ಟು ಎರಡೂ ಲೇಪ ಮುಳುಗುವಂತೆ ಕ್ರಿಸ್ಟಲ್ ವಯಲೆಟ್ ಹಾಕಿ. 1 ನಿಮಿಷ. ಈಗ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಎಲ್ಲವೂ ನೇರಳೆಯೇ. ಬಣ್ಣ ಚೆಲ್ಲಿ, ನೀರನ್ನು ಸ್ಲೈಡಿನ ಅಂಚಿಗೆ ಬಿಟ್ಟು ಐದು ಸೆಕೆಂಡಿನೊಳಗೆ ತೊಳೆಯಿರಿ. ನಲ್ಲಿಯ ಧಾರೆಯನ್ನು ನೇರವಾಗಿ ಲೇಪಕ್ಕೆ ಬಿಡಬೇಡಿ. ಅಯೋಡಿನ್ ಸೇರುವ ಮುಂಚೆ ಕ್ರಿಸ್ಟಲ್ ವಯಲೆಟ್ ಇನ್ನೂ ಗಟ್ಟಿಯಾಗಿ ಕೂತಿರುವುದಿಲ್ಲ, ಇಲ್ಲಿ ಹೆಚ್ಚು ಹೊತ್ತು ತೊಳೆದರೆ ಅದು ನೀರಿನಲ್ಲೇ ಹೊರಟುಹೋಗುತ್ತದೆ.

ಮುಂದೆ ಅಯೋಡಿನ್, 1 ನಿಮಿಷ. ಮೊದಲು ಹಾಕಿದ ಒಂದಿಷ್ಟು ಹನಿಯಿಂದ ಉಳಿದ ನೀರನ್ನು ಹೊರದೂಡಿ, ಮತ್ತೆ ತಾಜಾ ಅಯೋಡಿನ್ ತುಂಬಿ. ಅದು ಜೀವಕೋಶದ ಒಳಗೆ ಹೋಗಿ ಕ್ರಿಸ್ಟಲ್ ವಯಲೆಟ್ ಜೊತೆ ಕೂಡಿ, ನೀರಿನಲ್ಲಿ ಸುಲಭವಾಗಿ ಕರಗದ ದೊಡ್ಡ ಸಂಯುಕ್ತವಾಗುತ್ತದೆ. ತೊಳೆಯಿರಿ.

ಈಗ ಆಲ್ಕೊಹಾಲ್. ಬಣ್ಣವನ್ನೋ ಅಯೋಡಿನನ್ನೋ ಹತ್ತು ಸೆಕೆಂಡು ಹೆಚ್ಚುಕಡಿಮೆ ಬಿಟ್ಟರೆ ಏನೂ ಆಗದು, ಇಲ್ಲಿ ಆಗುತ್ತದೆ. ಎರಡು ಲೇಪಗಳು ಸ್ಲೈಡಿನ ಉದ್ದಕ್ಕೆ ಸಾಲಾಗಿರುವುದರಿಂದ ಸ್ಲೈಡನ್ನು ಉದ್ದಕ್ಕೆ ಓರೆ ಮಾಡಬೇಡಿ. ಹಾಗೆ ಮಾಡಿದರೆ ಮೇಲಿನ ಲೇಪ ತೊಳೆದ ಬಣ್ಣದ ನೀರೇ ಕೆಳಗಿನದರ ಮೇಲೆ ಹರಿದು, ಎರಡಕ್ಕೂ ಒಂದೇ ಉಪಚಾರ ಸಿಕ್ಕುವುದಿಲ್ಲ. ಉದ್ದನೆಯ ಅಂಚು ಮೇಲೆ ಬರುವಂತೆ ಅಡ್ಡಕ್ಕೆ ಓರೆ ಮಾಡಿ, ಆ ಅಂಚಿನುದ್ದಕ್ಕೂ ಆಲ್ಕೊಹಾಲ್ ಹನಿಸುತ್ತ ಹೋಗಿ. ಕೆಳಗೆ ಬಿಳಿ ಕಾಗದವೋ ಬಿಳಿ ಟೈಲ್ಸೋ ಇರಲಿ. ಇಳಿಯುವ ಹನಿ ಮೊದಲು ಕಡು ನೇರಳೆ, ಆಮೇಲೆ ತೆಳು, ಆಮೇಲೆ ಬಹುತೇಕ ತಿಳಿ. ತೆಳು ಲೇಪಕ್ಕೆ ಇದು ಸಾಮಾನ್ಯವಾಗಿ 10ರಿಂದ 20 ಸೆಕೆಂಡು. ತಿಳಿ ಹನಿ ಕಂಡ ಕ್ಷಣವೇ ನೀರು ಹಾಯಿಸಿ. ನೀರು ಬಿದ್ದ ಮೇಲೆಯೇ ಆಲ್ಕೊಹಾಲ್ ಕೆಲಸ ನಿಲ್ಲಿಸುವುದು. ಬಾಟಲಿ ಕೆಳಗಿಟ್ಟು, ಮುಚ್ಚಳ ಹಾಕಿ, ಆಮೇಲೆ ತೊಳೆಯೋಣ ಎಂದರೆ ತಡವಾಗಿರುತ್ತದೆ. ಗಡಿಯಾರಕ್ಕಿಂತ ಹನಿಯ ಬಣ್ಣವನ್ನು ನಂಬುವುದು ಒಳ್ಳೆಯದು, ಏಕೆಂದರೆ ಲೇಪದ ದಪ್ಪ ಪ್ರತಿಸಲವೂ ಬೇರೆ.

ಕೊನೆಗೆ ಸಫ್ರಾನಿನ್ 1 ನಿಮಿಷ, ತೊಳೆದು, ಬ್ಲಾಟಿಂಗ್ ಪೇಪರಿನಿಂದ ಒತ್ತಿ ಒಣಗಿಸಿ. ಉಜ್ಜಬೇಡಿ. ಸಫ್ರಾನಿನ್ ಬಹಳ ಹೊತ್ತು ಬಿಟ್ಟರೆ ಅದೂ ಸ್ವಲ್ಪ ನೇರಳೆಯನ್ನು ಹೊರದಬ್ಬಬಲ್ಲದು. ರೈಜೋಬಿಯಂ ಸಫ್ರಾನಿನ್‌ನಲ್ಲಿ ತೀರ ಮಂಕಾಗಿ ಕಂಡರೆ, ಅದರ ಬದಲು ಹತ್ತು ಪಟ್ಟು ತೆಳುಮಾಡಿದ ಕಾರ್ಬಾಲ್ ಫುಕ್ಸಿನ್ ಅನ್ನು ಅರ್ಧ ನಿಮಿಷ ಬಿಟ್ಟು ನೋಡಿ, ಗುಲಾಬಿ ಗಾಢವಾಗುತ್ತದೆ.

ಎಣ್ಣೆ ಹನಿಸಿ 100 ಪಟ್ಟಿನ ಆಬ್ಜೆಕ್ಟಿವ್‌ನಲ್ಲಿ ನೋಡಿ. ಕಂಡೆನ್ಸರ್ ಮೇಲಕ್ಕೆತ್ತಿ ಡಯಾಫ್ರಮ್ ಅಗಲಿಸಿರಬೇಕು. ಬೆಳಕು ಕಡಿಮೆಯಿದ್ದರೆ ಗುಲಾಬಿಯೂ ನೇರಳೆಯಂತೆ ಕಾಣುತ್ತದೆ, ಎಷ್ಟೋ ಜಗಳ ಡಯಾಫ್ರಮ್ ತೆರೆದರೆ ಮುಗಿಯುತ್ತದೆ. ಮೊದಲು ಕಂಟ್ರೋಲ್ ಲೇಪ ನೋಡಿ, ಆಮೇಲೆ ನಿಮ್ಮದು. ಲೇಪದ ತೆಳು ಭಾಗದಲ್ಲಿ, ಜೀವಕೋಶಗಳು ಬಿಡಿಬಿಡಿಯಾಗಿ ಇರುವ ಕಡೆ ಮಾತ್ರ ಬಣ್ಣ ಓದಿ.

ನೇರಳೆ ಯಾಕೆ ಉಳಿಯಿತು, ಯಾಕೆ ಹೋಯಿತು

ಡೆನ್ಮಾರ್ಕಿನ ವೈದ್ಯ ಹಾನ್ಸ್ ಕ್ರಿಶ್ಚಿಯನ್ ಗ್ರಾಮ್ ಬರ್ಲಿನ್‌ನಲ್ಲಿದ್ದಾಗ 1884ರಲ್ಲಿ ಈ ವಿಧಾನ ಪ್ರಕಟಿಸಿದರು. ಅವರಿಗೆ ಬೇಕಿದ್ದುದು ನ್ಯುಮೋನಿಯಾದಿಂದ ಸತ್ತವರ ಶ್ವಾಸಕೋಶದಲ್ಲಿ ಬ್ಯಾಕ್ಟೀರಿಯಾ ಎದ್ದು ಕಾಣುವಂತೆ ಮಾಡುವ ಉಪಾಯ. ಗೋಡೆಯ ವಿಚಾರ ಆಗ ಯಾರಿಗೂ ಗೊತ್ತಿರಲಿಲ್ಲ.

ಗೋಡೆ ಎಂದರೆ ಮುಖ್ಯವಾಗಿ ಪೆಪ್ಟಿಡೊಗ್ಲೈಕನ್ ಎಂಬ ಬಲೆ. ಗ್ರಾಮ್ ಪಾಸಿಟಿವ್‌ಗಳಲ್ಲಿ ಇದು ಪದರದ ಮೇಲೆ ಪದರವಾಗಿ 20ರಿಂದ 80 ನ್ಯಾನೊಮೀಟರ್‌ನಷ್ಟು ದಪ್ಪ. ಗ್ರಾಮ್ ನೆಗೆಟಿವ್‌ಗಳಲ್ಲಿ ಕೆಲವೇ ನ್ಯಾನೊಮೀಟರ್, ಆದರೆ ಅದರ ಹೊರಗೆ ಕೊಬ್ಬಿನ ಅಂಶವುಳ್ಳ ಇನ್ನೊಂದು ಪೊರೆಯಿದೆ. ಆಲ್ಕೊಹಾಲ್ ಬಿದ್ದಾಗ ಆ ಹೊರಪೊರೆ ಕರಗಿಹೋಗುತ್ತದೆ, ಉಳಿದ ತೆಳು ಬಲೆಗೆ ನೇರಳೆ ಸಂಯುಕ್ತವನ್ನು ತಡೆಯುವ ತಾಕತ್ತಿಲ್ಲ. ದಪ್ಪ ಬಲೆಯಲ್ಲಿ ಇದೇ ಆಲ್ಕೊಹಾಲ್ ನೀರನ್ನು ಹೀರಿ ಕಣ್ಣುಗಳನ್ನು ಬಿಗಿಸುತ್ತದೆ, ದೊಡ್ಡ ಸಂಯುಕ್ತ ಒಳಗೇ ಸಿಕ್ಕಿಬೀಳುತ್ತದೆ. ಬೆವೆರಿಜ್ ಮತ್ತು ಡೇವಿಸ್ 1983ರಲ್ಲಿ ಅಯೋಡಿನ್ ಬದಲಿಗೆ ಪ್ಲಾಟಿನಂ ಸಂಯುಕ್ತ ಬಳಸಿ, ಬಣ್ಣ ಎಲ್ಲಿ ನಿಂತಿದೆಯೆಂದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಹಿಂಬಾಲಿಸಿ ಇದನ್ನು ತೋರಿಸಿದರು.

ಗಮನಿಸಿ: ದಪ್ಪ ಗೋಡೆಯೂ ಬಣ್ಣವನ್ನು ಶಾಶ್ವತವಾಗಿ ಹಿಡಿಯುವುದಿಲ್ಲ, ನಿಧಾನವಾಗಿ ಬಿಡುತ್ತದೆ ಅಷ್ಟೆ. ಆಲ್ಕೊಹಾಲ್ ಇನ್ನಷ್ಟು ಹೊತ್ತು ಹರಿಸಿದರೆ ಅದೂ ಸೋಲುತ್ತದೆ. ಹಾಗಾಗಿ ಗ್ರಾಮ್ ಬಣ್ಣ ಅಳೆಯುವುದು ಬಣ್ಣ ಬಿಡುವ ವೇಗದ ವ್ಯತ್ಯಾಸವನ್ನು. ಕಂಟ್ರೋಲ್ ಇಲ್ಲದ ಸ್ಲೈಡನ್ನು ನಂಬಬಾರದು ಎನ್ನುವುದಕ್ಕೆ ಇದೇ ಕಾರಣ.

ವಯಸ್ಸಾದ ಕಲ್ಚರ್ ಕೊಡುವ ತೊಂದರೆಯೂ ಇಲ್ಲಿಂದಲೇ ಬರುತ್ತದೆ. ಬ್ಯಾಸಿಲಸ್ ಥರದ ಗ್ರಾಮ್ ಪಾಸಿಟಿವ್‌ಗಳು ಎಳೆಯವಿದ್ದಾಗ ಗಟ್ಟಿ ನೇರಳೆ. ಪ್ಲೇಟಿನಲ್ಲಿ ದಿನ ಕಳೆದಂತೆ ಗೋಡೆ ತೆಳುವಾಗಿ, ಅಲ್ಲಲ್ಲಿ ಹರಿದು, ಒಂದೇ ಸರಪಳಿಯ ಒಂದು ಕೋಶ ನೇರಳೆ, ಪಕ್ಕದ್ದು ಗುಲಾಬಿ ಆಗುತ್ತದೆ. ಕೈ ತಪ್ಪಿಲ್ಲ, ಬೆರಕೆಯೂ ಇಲ್ಲ, ಆದರೂ ಎರಡು ಬಣ್ಣ. ಇದಕ್ಕೆ ವ್ಯತಿರಿಕ್ತವಾದ ಬದಲಾವಣೆ, ಅಂದರೆ ಗ್ರಾಮ್ ನೆಗೆಟಿವ್ ಒಂದು ವಯಸ್ಸಾಗಿ ನೇರಳೆಯಾಗುವುದು, ನಿರೀಕ್ಷಿಸುವಂಥದ್ದಲ್ಲ. ತೆಳುವಾದ ಲೇಪದಲ್ಲಿ, ಕಂಟ್ರೋಲ್ ಸರಿಯಿದ್ದಾಗ ಸ್ಪಷ್ಟ ನೇರಳೆ ಕಂಡರೆ ಅಲ್ಲಿ ದಪ್ಪ ಗೋಡೆಯ ಜೀವಿಯೊಂದು ಇದೆ ಎಂದೇ ಹೊರಡಿ.

ಒಂದು ಅಲಸಂದೆ ಪ್ಲೇಟನ್ನು ಬಿಡಿಸಿ ನೋಡೋಣ

ಅಲಸಂದೆಯ ಗಂಟಿನಲ್ಲಿ ಹೆಚ್ಚಾಗಿ ಇರುವುದು ನಿಧಾನವಾಗಿ ಬೆಳೆಯುವ ಬ್ರಾಡಿರೈಜೋಬಿಯಂ. ಅದರ ಕಾಲನಿ ಕಣ್ಣಿಗೆ ಸರಿಯಾಗಿ ಕಾಣಲು ಐದರಿಂದ ಏಳು ದಿನ ಬೇಕು. ಪ್ಲೇಟಿನಲ್ಲಿ ಎರಡನೇ ದಿನವೇ ಒಂದೆರಡು ಕಡೆ ಒಣಕಲು, ಅಗಲವಾಗಿ ಹರಡಿದ, ಕೆಂಪು ಹೀರಿಕೊಂಡ ಕಾಲನಿ ಬಂದಿವೆ ಎಂದುಕೊಳ್ಳಿ. ಆರನೇ ದಿನಕ್ಕೆ ಅವುಗಳ ಪಕ್ಕದಲ್ಲಿ ಸಣ್ಣ, ಬಿಳಿಯ, ಉಬ್ಬಿದ ಲೋಳೆ ಕಾಲನಿಗಳು ಬಂದವು. ರೈಜೋಬಿಯಂ ಸಾಮಾನ್ಯವಾಗಿ ಕಾಂಗೋ ರೆಡ್ಡನ್ನು ಅಷ್ಟಾಗಿ ಹೀರುವುದಿಲ್ಲವಾದ್ದರಿಂದ ಬಿಳಿಯದನ್ನೇ ಆರಿಸಿ ಬಣ್ಣ ಹಾಕಿದ್ದಾಯಿತು.

ಕಂಟ್ರೋಲ್ ಲೇಪದಲ್ಲಿ ಗುಂಡು ನೇರಳೆ, ಕಡ್ಡಿ ಗುಲಾಬಿ. ಅಂದರೆ ಕೈ ತಪ್ಪಿಲ್ಲ, ಅಯೋಡಿನ್ ಜೀವಂತವಾಗಿದೆ. ಮೂರು ಅನುಮಾನಗಳಲ್ಲಿ ಒಂದು ಹೋಯಿತು.

ಕಾಲನಿಯ ಲೇಪದಲ್ಲಿ ಮೂರು ಬಗೆಯವು ಕಾಣುತ್ತವೆ. ಬಹುಪಾಲು ಸಣ್ಣ, ತೆಳ್ಳನೆಯ ಗುಲಾಬಿ ಕಡ್ಡಿಗಳು. ಅಲ್ಲಲ್ಲಿ ಅವಕ್ಕಿಂತ ದಪ್ಪಗೆ, ಉದ್ದಕ್ಕೆ, ತುದಿ ಚೌಕವಾಗಿರುವ ನೇರಳೆ ಕಡ್ಡಿಗಳು. ಇವುಗಳಷ್ಟೇ ಗಾತ್ರದ, ಇವುಗಳ ಸರಪಳಿಯಲ್ಲೇ ಇರುವ ಕೆಲವು ಗುಲಾಬಿ ಕಡ್ಡಿಗಳು. ಬಣ್ಣವನ್ನೇ ಎಣಿಸಿದವರು ಎರಡು ಗುಂಪು ಎನ್ನುತ್ತಾರೆ, ಮೊದಲ ಬಗೆಯನ್ನೂ ಮೂರನೆಯದನ್ನೂ ಒಟ್ಟಿಗೆ ಸೇರಿಸಿಬಿಡುತ್ತಾರೆ. ಇಲ್ಲಿ ಮೊದಲು ಗಾತ್ರ, ಆಕಾರ, ಜೋಡಣೆ ನೋಡಿ ಗುಂಪು ಮಾಡಬೇಕು, ಬಣ್ಣ ಆಮೇಲೆ. ಹಾಗೆ ನೋಡಿದರೆ ದಪ್ಪ ಕಡ್ಡಿಗಳು, ನೇರಳೆಯಿರಲಿ ಗುಲಾಬಿಯಿರಲಿ, ಒಂದೇ ಕುಲದವು: ಆರು ದಿನಕ್ಕೆ ವಯಸ್ಸಾಗಿ ಕೆಲವು ಬಣ್ಣ ಬಿಟ್ಟಿವೆ. ಸಣ್ಣ ಗುಲಾಬಿ ಕಡ್ಡಿಗಳು ಬೇರೆಯವು. ಬೆರಕೆಯೂ ನಿಜ, ವಯಸ್ಸೂ ನಿಜ.

ಹಾಗಾದರೆ ದಪ್ಪ ಕಡ್ಡಿ ಬ್ಯಾಸಿಲಸ್ಸೇ? ಅದರೊಳಗೆ ಬಣ್ಣ ಹಿಡಿಯದ, ಅಂಡಾಕಾರದ ಹೊಳೆಯುವ ಜಾಗವಿದ್ದರೆ ಸ್ಪೋರ್ ಎಂಬ ಊಹೆ ಬರುತ್ತದೆ. ಇಲ್ಲಿ ಒಂದು ಬಲೆಯಿದೆ. ರೈಜೋಬಿಯಂ ತನ್ನೊಳಗೆ ಪಾಲಿಹೈಡ್ರಾಕ್ಸಿಬ್ಯುಟಿರೇಟ್ ಎಂಬ ಕೊಬ್ಬಿನಂಥ ಕಣಗಳನ್ನು ಕೂಡಿಡುತ್ತದೆ, ಅವೂ ಬಣ್ಣ ಹಿಡಿಯದೆ ಖಾಲಿ ಜಾಗದಂತೆ ಹೊಳೆಯುತ್ತವೆ. ಗುಲಾಬಿ ಕಡ್ಡಿಯೊಳಗೆ ಇಂಥ ಖಾಲಿ ಜಾಗ ಕಂಡು "ಸ್ಪೋರ್ ಇದೆ, ಇದು ರೈಜೋಬಿಯಂ ಅಲ್ಲ" ಎಂದು ಒಳ್ಳೆಯ ಕಾಲನಿಯನ್ನೇ ಎಸೆಯುವವರಿದ್ದಾರೆ. ಸ್ಪೋರ್ ಒಂದು ಕೋಶಕ್ಕೆ ಒಂದೇ, ಎಲ್ಲ ಕೋಶಗಳಲ್ಲೂ ಹೆಚ್ಚುಕಡಿಮೆ ಒಂದೇ ಜಾಗದಲ್ಲಿ, ನಡುವೆಯೋ ತುದಿಯ ಹತ್ತಿರವೋ ಇರುತ್ತದೆ. ಕೊಬ್ಬಿನ ಕಣಗಳು ಒಂದಕ್ಕಿಂತ ಹೆಚ್ಚು, ಗಾತ್ರವೂ ಜಾಗವೂ ಕೋಶದಿಂದ ಕೋಶಕ್ಕೆ ಬೇರೆ. ಬ್ಯಾಸಿಲಸ್‌ನ ಕೆಲವು ಪ್ರಭೇದಗಳೂ ಇದೇ ಕೊಬ್ಬನ್ನು ಕೂಡಿಡುವುದರಿಂದ ಕಣ್ಣಂದಾಜಿಗೆ ಪೂರ್ತಿ ಬಿಡಬೇಡಿ.

ಬಿಸಿಯ ಪರೀಕ್ಷೆ ಇದನ್ನು ತೀರ್ಮಾನಿಸುತ್ತದೆ. ಕಾಲನಿಯನ್ನು ಸ್ಟೆರೈಲ್ ನೀರಿನಲ್ಲಿ ಕದಡಿ, ಅರ್ಧವನ್ನು 80 ಡಿಗ್ರಿಯ ವಾಟರ್ ಬಾತ್‌ನಲ್ಲಿ 10 ನಿಮಿಷ ಇಡಿ. ಟ್ಯೂಬಿನೊಳಗಿನ ದ್ರವ 80ಕ್ಕೆ ಮುಟ್ಟಿದ ಮೇಲೆ ಹತ್ತು ನಿಮಿಷ ಎಣಿಸಬೇಕು. ಬಿಸಿ ಮಾಡಿದ್ದನ್ನೂ ಮಾಡದ್ದನ್ನೂ ಬೇರೆ ಬೇರೆ ಪ್ಲೇಟಿಗೆ ಗೀರಿ. ರೈಜೋಬಿಯಂ ಈ ಬಿಸಿಗೆ ಸಾಯುತ್ತದೆ, ಸ್ಪೋರ್ ಉಳಿಯುತ್ತದೆ. ನಮ್ಮ ಉದಾಹರಣೆಯಲ್ಲಿ ಬಿಸಿ ಮಾಡಿದ್ದನ್ನು ನ್ಯೂಟ್ರಿಯೆಂಟ್ ಅಗಾರ್ ಮೇಲೆ ಹಾಕಿದರೆ ಮರುದಿನವೇ ಒಣಕಲು, ಅಗಲ ಕಾಲನಿಗಳು ಬರುತ್ತವೆ. 18 ಗಂಟೆಯೊಳಗೆ ಅದರಿಂದ ಹೊಸ ಸ್ಲೈಡ್ ಮಾಡಿದರೆ ಎಲ್ಲ ಕಡ್ಡಿಯೂ ನೇರಳೆ, ಗುಲಾಬಿ ಒಂದೂ ಇಲ್ಲ. ವಯಸ್ಸಿನ ಮಾತು ಸರಿಯಾಗಿತ್ತು ಎಂದು ಇದರಿಂದ ಖಚಿತ. ಎರಡನೇ ದಿನ ಬಂದ ಕೆಂಪು ಕಾಲನಿಯೂ ಇದೇ ಜೀವಿ, ಅದರ ಅಂಚು ತೆವಳಿ ಬಿಳಿ ಕಾಲನಿಯ ಅಡಿಗೆ ಹೋಗಿತ್ತು.

ಬಿಸಿ ಮಾಡದ ಭಾಗದಿಂದ ಕಾಂಗೋ ರೆಡ್ ಪ್ಲೇಟಿಗೆ ಮತ್ತೆ ಗೀರಿ, ಒಂಟಿಯಾಗಿ, ಕೆಂಪು ಕಾಲನಿಯಿಂದ ದೂರದಲ್ಲಿ ಬೆಳೆದ ಬಿಳಿ ಕಾಲನಿಯನ್ನು ಆರಿಸಿ. ಅದನ್ನೂ ಇನ್ನೊಮ್ಮೆ ಗೀರಿ. ಲೋಳೆ ಕಾಲನಿಯಲ್ಲಿ ಬೇರೆ ಬ್ಯಾಕ್ಟೀರಿಯಾ ಅಂಟಿನಲ್ಲಿ ಅವಿತು ಬರುವುದರಿಂದ ಒಂದು ಸಲದ ಶುದ್ಧೀಕರಣ ಸಾಲದು. ಕೊನೆಯ ಪ್ಲೇಟಿನ ಸ್ಲೈಡಿನಲ್ಲಿ ಹತ್ತು ಹನ್ನೆರಡು ಕ್ಷೇತ್ರ ನೋಡಿದರೂ ಸಣ್ಣ ಗುಲಾಬಿ ಕಡ್ಡಿ ಮಾತ್ರ ಕಂಡರೆ, ಜೊತೆಗೆ ನ್ಯೂಟ್ರಿಯೆಂಟ್ ಅಗಾರ್ ಮೇಲೆ ಗೀರಿದ್ದರಲ್ಲಿ ಮರುದಿನ ಏನೂ ಎದ್ದು ಬರದಿದ್ದರೆ, ಆ ಕಲ್ಚರ್ ಶುದ್ಧವೆನ್ನಬಹುದು.

ಬಣ್ಣ ಬೇಡದ ಒಂದು ಅಡ್ಡಪರೀಕ್ಷೆ

ಅನುಮಾನ ಉಳಿದರೆ 3% ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಒಂದು ಹನಿ ಸ್ಲೈಡಿನ ಮೇಲಿಟ್ಟು, ಲೂಪ್ ತುಂಬ ಶುದ್ಧ ಕಾಲನಿಯನ್ನು ಅದರಲ್ಲಿ ಅರ್ಧ ನಿಮಿಷ ಕಲಸಿ, ಲೂಪನ್ನು ಮೆಲ್ಲಗೆ ಮೇಲೆತ್ತಿ. ಗ್ರಾಮ್ ನೆಗೆಟಿವ್‌ನ ತೆಳು ಗೋಡೆ ಕ್ಷಾರಕ್ಕೆ ಒಡೆದು, ಒಳಗಿನ ಡಿಎನ್‌ಎ ಹೊರಬಂದು, ಹನಿ ಎಳೆಎಳೆಯಾಗಿ ಏಳುತ್ತದೆ. ಗ್ರಾಮ್ ಪಾಸಿಟಿವ್ ಆದರೆ ಹನಿ ನೀರಾಗಿಯೇ ಉಳಿಯುತ್ತದೆ. ರೈಜೋಬಿಯಂ ವಿಷಯದಲ್ಲಿ ಎಚ್ಚರವಿರಲಿ, ಅದರ ಅಂಟು ಕ್ಷಾರ ಹಾಕದಿದ್ದರೂ ಎಳೆ ಬಿಡುತ್ತದೆ. ಅದೇ ಕಾಲನಿಯನ್ನು ಬರೀ ನೀರಿನಲ್ಲಿ ಕಲಸಿ ಹೋಲಿಸಿ, ಅಥವಾ ಸಲೈನ್‌ನಲ್ಲಿ ತೊಳೆದ ಕೋಶಗಳನ್ನೇ ಬಳಸಿ. ಬೆರಕೆ ಕಾಲನಿಗೆ ಈ ಪರೀಕ್ಷೆ ಮಾಡಿ ಪ್ರಯೋಜನವಿಲ್ಲ, ಹೆಚ್ಚಿರುವುದೇ ಉತ್ತರ ಹೇಳುತ್ತದೆ.

ಗುಲಾಬಿ ಎಲ್ಲಿಯವರೆಗೆ ಹೇಳುತ್ತದೆ

ಸ್ಲೈಡ್ ಸರಿಯಾಗಿ ಬಂದರೂ ಅದು ಹೇಳಿದ್ದು ಇಷ್ಟು: ತೆಳು ಗೋಡೆ, ಹೊರಪೊರೆ, ಕಡ್ಡಿಯಾಕಾರ, ಸ್ಪೋರ್ ಇಲ್ಲ. ಮಣ್ಣಿನಲ್ಲಿ ಇಂಥವು ಬೇಕಾದಷ್ಟಿವೆ. ಅಗ್ರೊಬ್ಯಾಕ್ಟೀರಿಯಂ ರೈಜೋಬಿಯಂನ ಹತ್ತಿರದ ನೆಂಟ, ಗುಲಾಬಿ ಕಡ್ಡಿ, ಇದೇ ಅಗಾರ್ ಮೇಲೆ ಇದೇ ಥರದ ಲೋಳೆ ಕಾಲನಿ. ಗಂಟಿನ ಹೊರಮೈ ಸರಿಯಾಗಿ ತೊಳೆಯದಿದ್ದರೆ ಸ್ಯೂಡೊಮೋನಾಸ್ ಕೂಡ ಬರುತ್ತದೆ, ಅದೂ ಗುಲಾಬಿ. ಗ್ರಾಮ್ ಬಣ್ಣದ ಬಲ ಇರುವುದು ಬೇಡದ್ದನ್ನು ಹೊರಹಾಕುವುದರಲ್ಲಿ. ನೇರಳೆ ಕಂಡರೆ ರೈಜೋಬಿಯಂ ಅಲ್ಲವೆಂದು ಧೈರ್ಯವಾಗಿ ಹೇಳಬಹುದು, ಗುಲಾಬಿ ಕಂಡರೆ ರೈಜೋಬಿಯಂ ಇರಬಹುದು ಎನ್ನುವಷ್ಟೇ. ಪುಡಿಯಲ್ಲಿ ಬೆರೆಸಿ ಮಾರುವ ಜೈವಿಕ ಗೊಬ್ಬರದ ಪ್ಯಾಕೆಟ್ ಪರೀಕ್ಷಿಸುವಾಗಲೂ ಲೆಕ್ಕ ಇದೇ: ಪ್ಲೇಟಿನಲ್ಲಿ ನೇರಳೆ ಕಡ್ಡಿಗಳ ಕಾಲನಿ ಹೇರಳವಾಗಿದ್ದರೆ ಪ್ಯಾಕೆಟ್ ಕೆಟ್ಟಿದೆ ಎನ್ನಲು ಅಷ್ಟು ಸಾಕು, ಎಲ್ಲ ಗುಲಾಬಿಯಾಗಿದ್ದರೆ ಒಳ್ಳೆಯದು ಎನ್ನಲು ಅಷ್ಟೇ ಸಾಲದು.

ರಿಪೋರ್ಟಿನಲ್ಲಿ "ಗ್ರಾಮ್ ವೇರಿಯಬಲ್" ಎಂದು ಬರೆದು ಕೈತೊಳೆದುಕೊಳ್ಳುವ ಮುನ್ನ ಕಲ್ಚರಿನ ವಯಸ್ಸು, ಕಂಟ್ರೋಲಿನ ಬಣ್ಣ, ಎರಡು ಬಣ್ಣದ ಕೋಶಗಳ ಗಾತ್ರ ಒಂದೆಯೋ ಬೇರೆಯೋ ಎಂಬ ಮೂರು ಮಾತು ಬರೆಯಿರಿ. ಓದುವವರಿಗೆ ನಿಮ್ಮ ತೀರ್ಮಾನಕ್ಕಿಂತ ಅವು ಹೆಚ್ಚು ಕೆಲಸಕ್ಕೆ ಬರುತ್ತವೆ. ಬಳಸಿದ ಸ್ಲೈಡುಗಳನ್ನು ಹೈಪೋಕ್ಲೋರೈಟ್ ದ್ರಾವಣದಲ್ಲಿ ಮುಳುಗಿಸಿಡಿ, ಪ್ಲೇಟುಗಳನ್ನು ಆಟೊಕ್ಲೇವ್ ಮಾಡದೆ ಹೊರಗೆ ಹಾಕಬೇಡಿ.

ರೈಜೋಬಿಯಂ ಹೌದೋ ಅಲ್ಲವೋ ಎಂಬ ಕೊನೆಯ ಮಾತು ಅಲಸಂದೆ ಗಿಡದ್ದೇ. ಹೊರಮೈ ತೊಳೆದ ಬೀಜಗಳನ್ನು ಆಟೊಕ್ಲೇವ್ ಮಾಡಿದ ಮರಳಿನಲ್ಲಿ ಬಿತ್ತಿ, ಅರ್ಧ ಕುಂಡಗಳಿಗೆ ನಿಮ್ಮ ಕಲ್ಚರ್ ಹಾಕಿ, ಅರ್ಧಕ್ಕೆ ಬೇಡ. ಸಾರಜನಕವಿಲ್ಲದ ಪೋಷಕ ದ್ರಾವಣ ಕೊಡುತ್ತ ನಾಲ್ಕು ವಾರ ಬೆಳೆಸಿ, ಕಿತ್ತು ಬೇರು ನೋಡಿ. ಕಲ್ಚರ್ ಹಾಕಿದ ಕುಂಡಗಳಲ್ಲಿ ಮಾತ್ರ ಗಂಟು ಬಂದಿರಬೇಕು. ಆ ಗಂಟಿನಿಂದ ಮತ್ತೆ ಬೇರ್ಪಡಿಸಿದ ಕಾಲನಿಗೆ, ಅದೇ ಕಂಟ್ರೋಲ್ ಪಕ್ಕದಲ್ಲಿಟ್ಟು, ಇನ್ನೊಂದು ಸ್ಲೈಡ್ ಮಾಡಿ. ಕಲ್ಚರ್ ಹಾಕದ ಕುಂಡದಲ್ಲೂ ಗಂಟು ಕಂಡರೆ ಮರಳೋ ಬೀಜವೋ ನೀರೋ ಸ್ಟೆರೈಲ್ ಆಗಿರಲಿಲ್ಲ, ಆ ಸುತ್ತನ್ನು ಲೆಕ್ಕಕ್ಕೆ ಹಿಡಿಯದೆ ಮೊದಲಿನಿಂದ ಬಿತ್ತಿ.